ನನ್ನ ದೇಶದ ಕಾನೂನಿನಂತೆ

ಹಲ್ಲಕ್ಕನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಆದರೆ ಅದು ಕೋರ್ಟಿನ ಕಾಗದಗಳಲ್ಲಿ ಬಿಟ್ಟರೆ ಬೇರೆಲ್ಲೂ ಕೆಲಸಕ್ಕೆ ಬರುತ್ತಿರಲಿಲ್ಲ. ದಂತವೈದ್ಯರು ಬಾಯಿಯ ಅಚ್ಚು ತೆಗೆದು ಕಳಿಸಿದರೆ ಅದಕ್ಕೆ ಹೊಂದುವ ಕಟ್ಟುಹಲ್ಲು ಮಾಡಿಕೊಡುವ ಲ್ಯಾಬಿನಲ್ಲಿ ಅವಳ ಕೆಲಸ. ಊರಿನ ಅರ್ಧಕ್ಕರ್ಧ ಹಿರಿಯರು ಅವಳು ಜೋಡಿಸಿದ ಹಲ್ಲಿನಲ್ಲೇ ನಗುತ್ತಿದ್ದರು, ಅವಳು ಜೋಡಿಸಿದ ಹಲ್ಲಿನಲ್ಲೇ ಸೊಸೆಯರನ್ನು ಬೈಯುತ್ತಿದ್ದರು. ಹೀಗಾಗಿ ಎಲ್ಲರಿಗೂ ಅವಳು ಹಲ್ಲಕ್ಕ.

ಅವಳ ಗಂಡನಿಗೂ ಹಾಗೆಯೇ ಒಂದು ಹೆಸರು: ಡ್ರೈವಿಂಗ್ ಮೇಷ್ಟ್ರು. ಕಾರು ಕಲಿಸುವುದರಲ್ಲಿ ಅವನಷ್ಟು ತಾಳ್ಮೆಯ ಮನುಷ್ಯನೇ ಇಲ್ಲ ಎಂದು ಊರೆಲ್ಲ ಹೊಗಳುತ್ತಿತ್ತು. ಗೋಡೆಗೆ ಗುದ್ದಿದರೂ "ಪರವಾಗಿಲ್ಲ ಬಿಡಿ, ಕ್ಲಚ್ಚು ನಿಧಾನಕ್ಕೆ ಬಿಡಿ" ಎನ್ನುವ ಮಹಾನುಭಾವ. ಆ ತಾಳ್ಮೆಯನ್ನೆಲ್ಲ ಬೀದಿಯಲ್ಲೇ ಖರ್ಚು ಮಾಡಿ ಬರಿಗೈಯಲ್ಲಿ ಮನೆಗೆ ಬರುತ್ತಿದ್ದ ಎಂಬುದು ಊರಿಗೆ ಹೇಗೆ ಗೊತ್ತಾಗಬೇಕು? ಒಂದು ಸಂಜೆ, ಕರೆದಾಗ ಓಗೊಡಲಿಲ್ಲ ಎಂಬ ಘನಕಾರಣಕ್ಕೆ, ಅಡುಗೆಮನೆಯ ಬಾಗಿಲಿಗೆ ಅವಳ ಬಲಗೈ ಒತ್ತಿ ಹಿಡಿದು ಮಣಿಕಟ್ಟು ಮುರಿದಿದ್ದ. ಒಂಬತ್ತು ವರ್ಷದ ಮಗಳು ಚಿಟ್ಟು ಹಾಲಿನ ಲೋಟ ಹಿಡಿದುಕೊಂಡು ಅಲ್ಲೇ ನಿಂತಿದ್ದಳು.

ಕೈ ಕೂಡಿಕೊಂಡಿತು, ಆದರೆ ಸೊಟ್ಟಗೆ. ಮೇಣದಲ್ಲಿ ಹಲ್ಲು ಕೂರಿಸುವಾಗ ಚಿಮಟ ಈಗಲೂ ನಡುಗುತ್ತದೆ. ಹಲ್ಲಕ್ಕ ಮಗಳ ಕೈ ಹಿಡಿದು ಹೊರಬಿದ್ದಳು, ಪೊಲೀಸರಿಗೆ ದೂರು ಕೊಟ್ಟಳು, ವಿಚ್ಛೇದನಕ್ಕೂ ಹಾಕಿದಳು. ಅಲ್ಲಿಯವರೆಗೆ ಸರಿ. ಆಮೇಲೆ ಎಲ್ಲಿಗೆ? ಲ್ಯಾಬಿನ ಯಜಮಾನ ಹಿಂದಿನ ಕೋಣೆಯಲ್ಲಿ, ಪ್ಲಾಸ್ಟರ್ ಚೀಲಗಳ ಪಕ್ಕ, ಒಂದು ಮಂಚಕ್ಕೆ ಜಾಗ ಬಿಟ್ಟುಕೊಟ್ಟ. ಆ ಬಿಳಿ ಪುಡಿಯಲ್ಲಿ ಮಗುವಿಗೆ ಕೆಮ್ಮು ಹತ್ತಿತು. ಕೊನೆಗೆ ಚಿಟ್ಟುವನ್ನು ಬೇರೆ ಊರಿನಲ್ಲಿದ್ದ ಅಕ್ಕನ ಮನೆಯಲ್ಲಿ ಬಿಡಬೇಕಾಯಿತು. "ಮನೆ ಮಾಡಿದ ಕೂಡ್ಲೇ ಕರ್ಕೊಂಡು ಹೋಗ್ತೀನಿ" ಎಂದು ಬಸ್ಸಿನ ಕಿಟಕಿಯಿಂದ ಹೇಳಿ ಬಂದಿದ್ದಳು. ಈಗ ಭಾವನಿಗೆ ದೂರದೂರಿಗೆ ವರ್ಗವಾಗಿತ್ತು. ಶಾಲೆಯ ಪರೀಕ್ಷೆ ಮುಗಿದೊಡನೆ ಅವರು ಹೊರಡುತ್ತಾರೆ. "ಇನ್ನೆಷ್ಟು ದಿನ ಅಂತ ಕೇಳ್ತಿಲ್ಲ ಕಣೆ, ಆದ್ರೂ" ಎಂದು ಅಕ್ಕ ಫೋನಿನಲ್ಲಿ ಮಾತು ನುಂಗುತ್ತಿದ್ದಳು. ನುಂಗಿದ ಮಾತೇ ಹಲ್ಲಕ್ಕನಿಗೆ ಜೋರಾಗಿ ಕೇಳುತ್ತಿತ್ತು.

ಇದ್ದ ಒಂದೇ ಒಂದು ಭರವಸೆ ಎಂದರೆ ಮಾವ, ಅಂದರೆ ಗಂಡನ ಅಪ್ಪ, ಬಿಟ್ಟುಹೋದ ಮನೆ. ಅದು ಇದ್ದದ್ದು ಸಮುದ್ರದಾಚೆ, ಬೇರೆ ದೇಶದಲ್ಲಿ.

ಮಾವ ಟೈಲ್ಸ್ ಕೂರಿಸುವ ಕೆಲಸಗಾರ. ಹೆಂಡತಿ ತೀರಿಕೊಂಡ ಮೇಲೆ, ಒಬ್ಬನೇ ಮಗನನ್ನು ಅಜ್ಜಿಯ ಮಡಿಲಿಗೆ ಹಾಕಿ, ಆ ದೇಶಕ್ಕೆ ಹೋಗಿ ಮಂಡಿಯೂರಿ ದುಡಿದವನು. ಮಂಡಿ ಎರಡೂ ಸವೆದ ಮೇಲೆ ಆ ದುಡಿಮೆಯಲ್ಲೇ ಬಂದರಿನ ಹಿಂದಿನ ಓಣಿಯಲ್ಲಿ ಕಿರಿದಾದ ಎರಡಂತಸ್ತಿನ ಮನೆಯೊಂದನ್ನು ಕೊಂಡಿದ್ದ. ವರ್ಷಕ್ಕೊಮ್ಮೆ ಬರುತ್ತಿದ್ದ. ಬಂದಾಗಲೆಲ್ಲ ಸೊಸೆ ಮಾಡಿಕೊಟ್ಟ ಹಲ್ಲಿನ ಸೆಟ್ಟನ್ನು ಬಾಯಿಂದ ತೆಗೆದು ನೆಂಟರಿಷ್ಟರಿಗೆಲ್ಲ ತೋರಿಸುತ್ತಿದ್ದ. "ಅಲ್ಲಿಯ ಡಾಕ್ಟರ್ ಇದನ್ನ ನೋಡಿ ಯಾವ ದೊಡ್ಡ ಆಸ್ಪತ್ರೇಲಿ ಮಾಡ್ಸಿದ್ರಿ ಅಂತ ಕೇಳ್ದ. ನಮ್ಮನೇಲೇ ಅಂದೆ" ಎಂದು ಬೊಚ್ಚುಬಾಯಲ್ಲೇ ನಗುತ್ತಿದ್ದ. ನೆಂಟರು ಮುಖ ಆಚೆ ತಿರುಗಿಸುತ್ತಿದ್ದರು.

ಕೈ ಮುರಿದ ವಿಷಯ ತಿಳಿದ ಮರುವರ್ಷ ಬಂದಾಗ ಅವನು ನಗಲಿಲ್ಲ. ಲ್ಯಾಬಿನ ಹಿಂದಿನ ಕೋಣೆಗೆ ಬಂದು, ಚೀಲದ ಮೇಲೆ ಕೂತು, ಸೊಸೆಯ ಮಣಿಕಟ್ಟನ್ನು ತನ್ನ ಒರಟು ಅಂಗೈಯಲ್ಲಿ ಇಟ್ಟುಕೊಂಡು ಬಹಳ ಹೊತ್ತು ನೋಡಿದ.

"ನಾನು ಊರಲ್ಲಿದ್ದು ಸಾಕಿದ್ರೆ ಇವನು ಹೀಗಾಗ್ತಿರ್ಲಿಲ್ಲ" ಎಂದ.

"ನೀವೇನ್ ಮಾಡ್ತೀರಿ ಮಾವ."

"ಮಾಡ್ತೀನಿ. ಆ ಮನೆ ನಿನ್ನ ಹೆಸರಿಗೆ ಬರೀತೀನಿ. ಮಾರಿಕೊಂಡು ಇಲ್ಲೊಂದು ಸೂರು ಮಾಡ್ಕೊ. ಅವನಿಗೆ ಒಂದು ಹಂಚಿನ ಚೂರೂ ಬೇಡ."

ಮರುದಿನವೇ ಅವಳ ವಿಚ್ಛೇದನದ ಕೇಸು ನಡೆಸುತ್ತಿದ್ದ ವಕೀಲಮ್ಮನ ಕಚೇರಿಗೆ ಹೋಗಿ ವಿಲ್ ಬರೆಸಿದ. ವಕೀಲಮ್ಮ ಅಚ್ಚುಕಟ್ಟಿನ ಹೆಂಗಸು. ಹೊರದೇಶದ ಮನೆ ಎಂದ ಕೂಡಲೇ ಪುಸ್ತಕ ತಿರುವಿ, ತಿಳಿದವರಿಗೆ ಫೋನು ಮಾಡಿ, ಒಂದು ವಿಷಯ ಪತ್ತೆ ಮಾಡಿದರು. ಆ ದೇಶದ ಕಾನೂನಿನಲ್ಲಿ ಮಕ್ಕಳ ಪಾಲನ್ನು ತಂದೆ ಪೂರ್ತಿ ಕಿತ್ತುಕೊಳ್ಳುವ ಹಾಗಿಲ್ಲ. ಆದರೆ ಅಲ್ಲಿ ವಾಸವಿರುವ ಹೊರಗಿನವರು ತಮ್ಮ ಆಸ್ತಿಗೆ ತಮ್ಮ ಸ್ವಂತ ದೇಶದ ಕಾನೂನು ಅನ್ವಯಿಸಲಿ ಎಂದು ವಿಲ್‌ನಲ್ಲೇ ಆರಿಸಿಕೊಳ್ಳಬಹುದು. ನಮ್ಮ ಕಾನೂನಿನಲ್ಲಿ, ಸ್ವಂತ ದುಡಿಮೆಯ ಆಸ್ತಿಯನ್ನು ಯಾರಿಗೆ ಬೇಕಾದರೂ ಬರೆಯಬಹುದು. ಹೀಗಾಗಿ ವಿಲ್‌ನ ಕೊನೆಗೆ ಒಂದು ಸಾಲು ಸೇರಿತು: ನನ್ನ ಉತ್ತರಾಧಿಕಾರವು ನನ್ನ ದೇಶದ ಕಾನೂನಿನಂತೆ ನಡೆಯತಕ್ಕದ್ದು.

"ದೇಶದ ಹೆಸರು ಬರೀಲಾ?" ಎಂದು ವಕೀಲಮ್ಮ ಕೇಳಿದ್ದರು.

"ಇಷ್ಟೇ ಇರ್ಲಿ ಬಿಡಿ. ನನ್ನ ದೇಶ ಅಂದ್ರೆ ಯಾವ್ದು ಅಂತ ನನ್ನ ಮುಖ ನೋಡಿದ್ರೆ ಗೊತ್ತಾಗಲ್ವಾ" ಎಂದು ಮಾವ ಅಂದು ಮೊದಲ ಸಲ ನಕ್ಕಿದ್ದ. ಎಲ್ಲರೂ ನಕ್ಕಿದ್ದರು. ವಾಪಸು ಹೋದವನು ಚಳಿಗಾಲದಲ್ಲಿ, ಅದೇ ಮನೆಯ ಮೆಟ್ಟಿಲ ಮೇಲೆ, ಎದೆ ಹಿಡಿದುಕೊಂಡು ಕೂತು ಮತ್ತೆ ಏಳಲಿಲ್ಲ.

ಆ ದೇಶದಲ್ಲಿ ವಾರಸುದಾರಿಕೆಯ ಕೆಲಸ ನೋಡಿಕೊಳ್ಳುವವನು ನೋಟರಿ. ನಮ್ಮಲ್ಲಿಯ ಹಾಗೆ ಕೋರ್ಟಿನ ಮುಂದೆ ಕೊಡೆ ಕೆಳಗೆ ಕೂತು ಮುದ್ರೆ ಒತ್ತುವವನಲ್ಲ, ಅಲ್ಲಿ ನೋಟರಿ ಎಂದರೆ ದೊಡ್ಡ ಮನುಷ್ಯ; ವಿಲ್ ತೆರೆಯುವುದು, ವಾರಸುದಾರರನ್ನು ಗೊತ್ತು ಮಾಡುವುದು, ಮನೆಯ ದಾಖಲೆ ಬದಲಿಸಲು ಕಳಿಸುವುದು ಎಲ್ಲ ಅವನದೇ. ಒಂದು ಮಧ್ಯಾಹ್ನ ವಕೀಲಮ್ಮನ ಕಚೇರಿಯ ಕಂಪ್ಯೂಟರಿನಲ್ಲಿ ಅವನ ಬೋಳುತಲೆ ಮೂಡಿತು. ಪಕ್ಕದಲ್ಲಿ ದುಭಾಷಿ. ನಮ್ಮವಳೇ, ಆದರೆ ಅಲ್ಲಿಗೆ ಹೋಗಿ ಎಷ್ಟು ಕಾಲವಾಗಿತ್ತೋ, ಮನೆಯ ಭಾಷೆ ಮರೆತು ಶಾಲೆಯ ಪಠ್ಯಪುಸ್ತಕ ಮಾತ್ರ ನೆನಪಿನಲ್ಲಿತ್ತು.

"ಮೃತ ಮಹಾಶಯರ ಮರಣಕ್ಕೆ ಇವರು ಸಂತಾಪ ಸೂಚಿಸುತ್ತಾರೆ" ಎಂದಳು ದುಭಾಷಿ.

"ಥ್ಯಾಂಕ್ಸ್ ಹೇಳಿ" ಎಂದಳು ಹಲ್ಲಕ್ಕ.

ನೋಟರಿ ವಿಲ್ ಓದಿದ. ಸಹಿ ಸರಿ, ಸಾಕ್ಷಿ ಸರಿ, ಹೊರದೇಶದಲ್ಲಿ ಬರೆದದ್ದಾದರೂ ವಿಲ್ ಊರ್ಜಿತ ಎಂದ. ಹಲ್ಲಕ್ಕನ ಮೈ ಹಗುರಾಯಿತು. ಆಮೇಲೆ ಅವನು ಕೊನೆಯ ಸಾಲಿಗೆ ಬೆರಳಿಟ್ಟು ಏನೋ ಕೇಳಿದ.

"ಕಾನೂನನ್ನು ಆರಿಸಿಕೊಂಡಿದ್ದಾರೆ, ಒಳ್ಳೆಯದು. ನನ್ನ ದೇಶ ಎಂದಿದೆ. ಯಾವ ದೇಶ ಎಂದು ಕೇಳುತ್ತಿದ್ದಾರೆ."

"ಇದೇ. ನಮ್ಮದೇ" ಎಂದರು ವಕೀಲಮ್ಮ.

ದುಭಾಷಿ ಹೇಳಿದಳು. ನೋಟರಿ ಕಾಗದ ಹುಡುಕಿದ, ಕನ್ನಡಕ ಸರಿ ಮಾಡಿಕೊಂಡ, ನಿಧಾನವಾಗಿ ಮಾತಾಡಿದ. ದುಭಾಷಿ ಮಾತಿಗಾಗಿ ತಡಕಾಡಿದಳು. ಪಠ್ಯಪುಸ್ತಕದಲ್ಲಿ ಆ ಪಾಠ ಇರಲಿಲ್ಲವೋ ಏನೋ.

"ಅವರು ನಿಮ್ಮ ದೇಶದ ಪ್ರಜೆ ಅಲ್ಲವಂತೆ. ಈ ವಿಲ್ ಬರೆಯುವ ಮೊದಲೇ ಇಲ್ಲಿಯ ಪೌರತ್ವ ತೆಗೆದುಕೊಂಡಿದ್ದಾರೆ. ಇಲ್ಲಿಯ ಪ್ರಜೆಯಾಗಿಯೇ ತೀರಿಕೊಂಡಿದ್ದಾರೆ."

ಹಲ್ಲಕ್ಕನಿಗೆ ಇದರ ತಲೆಬುಡ ತಿಳಿಯಲಿಲ್ಲ. ವಕೀಲಮ್ಮನಿಗೆ ತಿಳಿಯಿತು. ಅವರು ಪೆನ್ನನ್ನು ಮೇಜಿನ ಮೇಲಿಟ್ಟರು.

"ಹಾಗಾದರೆ ಅವರ ದೇಶದ ಕಾನೂನು ಎಂದರೆ ಇಲ್ಲಿಯದೇ" ಎಂದು ದುಭಾಷಿ ಮುಂದುವರಿಸಿದಳು. "ಇಲ್ಲಿ ಒಬ್ಬನೇ ಮಗನಿದ್ದರೆ ಅರ್ಧ ಪಾಲು ಅವನಿಗೆ ಕಾದಿಟ್ಟದ್ದು. ತಂದೆ ಬೇಡ ಎಂದು ಬರೆದರೂ ಅವನು ಕೇಳಿದರೆ ಸಿಗುತ್ತದೆ. ಉಳಿದ ಅರ್ಧ ಮಾತ್ರ ನಿಮ್ಮದು. ಮಗನಿಗೆ ತಿಳಿಸುವುದು ಇವರ ಕರ್ತವ್ಯ. ಪತ್ರ ಕಳಿಸುತ್ತಾರಂತೆ."

"ಅವರ ಮಗ ಏನು ಮಾಡಿದಾನೆ ಅಂತ ಇವ್ರಿಗೆ ಹೇಳಿ" ಎಂದಳು ಹಲ್ಲಕ್ಕ. ಕ್ಯಾಮೆರಾದ ಮುಂದೆ ಕೈ ಎತ್ತಿ ಹಿಡಿದಳು. ನಾಚಿಕೆ ಎಲ್ಲ ಎಂದೋ ಹೋಗಿತ್ತು.

ನೋಟರಿ ಆ ಸೊಟ್ಟ ಮಣಿಕಟ್ಟನ್ನು ನೋಡಿದ. ಅವನ ದನಿ ಮೆತ್ತಗಾದದ್ದು ಭಾಷೆ ಬಾರದವಳಿಗೂ ಗೊತ್ತಾಯಿತು.

"ಮಗನನ್ನು ಪಾಲಿಗೆ ಅನರ್ಹ ಮಾಡಲು ಕೆಲವು ಕಾರಣಗಳಿವೆ. ತಂದೆಯ ಮೇಲೆ, ತಂದೆಯ ಹೆಂಡತಿಯ ಮೇಲೆ, ಅವರ ಮಕ್ಕಳು ಮೊಮ್ಮಕ್ಕಳ ಮೇಲೆ ಘೋರ ಅಪರಾಧ ಮಾಡಿದ್ದರೆ. ಅವರಲ್ಲಿ ಯಾರಿಗಾದರೂ ಅಂಥದ್ದು ಮಾಡಿದ್ದಾನಾ ಎಂದು ಕೇಳುತ್ತಿದ್ದಾರೆ."

"ಇಲ್ಲ. ನನಗೆ ಮಾಡಿದ್ದು."

"ಸೊಸೆ ಆ ಪಟ್ಟಿಯಲ್ಲಿ ಬರುವುದಿಲ್ಲ" ಎಂದಳು ದುಭಾಷಿ. ಆಮೇಲೆ, ನೋಟರಿ ಹೇಳದಿದ್ದದ್ದನ್ನು, ತನ್ನದೇ ಮಾತಿನಲ್ಲಿ, ಎಲ್ಲಿಂದಲೋ ಮನೆಯ ಭಾಷೆ ಹುಡುಕಿ ತಂದು ಹೇಳಿದಳು: "ತುಂಬಾ ಬೇಜಾರಾಗ್ತಿದೆ ಅಕ್ಕ."

ತೆರೆ ಕಪ್ಪಾದ ಮೇಲೆ ವಕೀಲಮ್ಮ ಎದ್ದು ಕಿಟಕಿಯ ಬಳಿ ಹೋಗಿ ನಿಂತರು.

"ನಾನು ಪಾಸ್‌ಪೋರ್ಟ್ ನೋಡ್ಬೇಕಿತ್ತು" ಎಂದರು. "ಎದುರಿಗೆ ಕೂತು ನಮ್ಮ ಭಾಷೇಲಿ ಮಾತಾಡೋರನ್ನ, ನಮ್ಮನೆ ಹಿರಿಯರ ಥರ ಇದ್ದೋರನ್ನ, ನೀವ್ಯಾವ ದೇಶದವ್ರು ತೋರ್ಸಿ ಅಂತ ಹೇಗ್ ಕೇಳೋದು ಅನ್ನಿಸ್ತು. ಅನ್ನಿಸ್ಬಾರ್ದಾಗಿತ್ತು."

"ದೇಶದ ಹೆಸರು ಬರ್ದಿದ್ರೆ ಸರಿ ಹೋಗ್ತಿತ್ತಾ ಮೇಡಂ?"

"ಇಲ್ಲಮ್ಮ. ಆರಿಸ್ಕೊಳ್ಳೋಕೆ ಆಗೋದು ತಾನು ಪ್ರಜೆಯಾಗಿರೋ ದೇಶದ ಕಾನೂನನ್ನ ಮಾತ್ರ. ನಮ್ಮಲ್ಲಿ ಎರಡೆರಡು ಪೌರತ್ವಕ್ಕೆ ಅವಕಾಶ ಇಲ್ಲ. ಅಲ್ಲಿಯದು ತಗೊಂಡ ಕ್ಷಣಕ್ಕೇ ಇಲ್ಲಿಯದು ಹೋಯ್ತು. ಏನು ಬರ್ದಿದ್ರೂ ಅಷ್ಟೇ. ಅವರು ವಾಸ ಇದ್ದದ್ದೂ ಅಲ್ಲೇ, ಪ್ರಜೆ ಆಗಿದ್ದೂ ಅಲ್ಲೇ."

"ನಮ್ಮ ಕೋರ್ಟಿಗೆ ಹಾಕೋಣ. ವಿಲ್ ಬರ್ದಿದ್ದು ಇಲ್ಲಿ. ನಾನಿರೋದು ಇಲ್ಲಿ, ಅವನಿರೋದು ಇಲ್ಲಿ."

"ಮನೆ ಇರೋದು ಅಲ್ಲಿ" ಎಂದರು ವಕೀಲಮ್ಮ. "ಜಮೀನು ಮನೆ ವಿಷಯ ಬಂದ್ರೆ ನಮ್ಮ ಕಾನೂನೇ ಹೇಳತ್ತೆ, ಅದು ಯಾವ ನೆಲದ ಮೇಲಿದೆಯೋ ಆ ನೆಲದ ಕಾನೂನು ಅಂತ. ನಮ್ಮ ಜಡ್ಜು ಈ ಅರ್ಜಿನ ಮುಟ್ಟೋದೇ ಇಲ್ಲ. ಮುಟ್ಟಿ ತೀರ್ಪು ಕೊಟ್ರೂ ಅಲ್ಲಿಯವ್ರು ಅದನ್ನ ಒಪ್ಪಲ್ಲ."

ಮಾವ ಯಾಕೆ ಹೀಗೆ ಮಾಡಿದ, ಯಾಕೆ ಮುಚ್ಚಿಟ್ಟ? ಕೆಲವು ದಿನ ಹಲ್ಲಕ್ಕನ ತಲೆ ತಿಂದದ್ದು ಇದೊಂದೇ. ಸತ್ತವನ ಮೇಲೆ ಸಿಟ್ಟೂ ಬಂತು. ಉತ್ತರ ಕೊಟ್ಟದ್ದು ಆ ದುಭಾಷಿಯೇ. ಮಾವ ಕೆಲಸಕ್ಕಿದ್ದ ಕಡೆಯ ಮೇಸ್ತ್ರಿಯನ್ನು ಕಂಡು ವಿಚಾರಿಸಿ, ಒಂದು ಭಾನುವಾರ ಫೋನು ಮಾಡಿದಳು. ಪ್ರಜೆಯಾದರೆ ಮನೆಯವರನ್ನು ಅಲ್ಲಿಗೆ ಕರೆಸಿಕೊಳ್ಳಬಹುದು ಎಂದು ಯಾರೋ ಹೇಳಿದ್ದರಂತೆ. ಕೈ ಮುರಿದ ಸುದ್ದಿ ಕೇಳಿದ ಕೂಡಲೇ, ಸೊಸೆಯನ್ನೂ ಮೊಮ್ಮಗಳನ್ನೂ ಆ ಮನೆಗೇ ಕರೆತಂದುಬಿಡಬೇಕು ಎಂದು ಮಾವ ಈ ವಯಸ್ಸಿನಲ್ಲಿ ಭಾಷೆಯ ಪರೀಕ್ಷೆ ಬರೆದು, ಕೈ ಎತ್ತಿ ಪ್ರಮಾಣ ಮಾಡಿ, ಹಳೆಯ ಪಾಸ್‌ಪೋರ್ಟು ಬಿಟ್ಟುಕೊಟ್ಟನಂತೆ. ಆಮೇಲೆ ಅರ್ಜಿ ಹಿಡಿದು ಸರ್ಕಾರಿ ಕಚೇರಿಗೆ ಹೋದಾಗ ಕಿಟಕಿಯ ಹಿಂದಿನವಳು, ಮನೆಯವರು ಎಂದರೆ ಹೆಂಡತಿ ಮತ್ತು ಸ್ವಂತ ಮಕ್ಕಳು, ಸೊಸೆ ಮೊಮ್ಮಗಳು ಅದರಲ್ಲಿ ಸೇರುವುದಿಲ್ಲ ಎಂದಳಂತೆ. ಅದನ್ನು ಊರಿನವರ ಮುಂದೆ ಹೇಳಿಕೊಳ್ಳಲು ಅವನಿಗೆ ಮುಖವಿರಲಿಲ್ಲ.

ಹಲ್ಲಕ್ಕ ಫೋನು ಇಟ್ಟು ಪ್ಲಾಸ್ಟರ್ ಚೀಲಕ್ಕೆ ಒರಗಿ ಅತ್ತಳು. ಮಾವ ಅವಳಿಗಾಗಿ ಒಂದು ದೇಶವನ್ನೇ ಬಿಟ್ಟಿದ್ದ. ಬಿಟ್ಟದ್ದರಿಂದಲೇ ಅವಳ ಮನೆ ಅರ್ಧಕ್ಕೆ ಇಳಿದಿತ್ತು. ಆ ಮುದುಕನನ್ನು ಇನ್ನು ಬೈಯುವುದಕ್ಕೂ ಬಾಯಿ ಬರಲಿಲ್ಲ, ನೆನೆದು ನಗುವುದಕ್ಕೂ ಆಗಲಿಲ್ಲ.

ಅರ್ಧವಾದರೂ ಸಿಗುತ್ತದಲ್ಲ, ಅದರಲ್ಲೇ ಎರಡು ಕೋಣೆಯ ಮನೆಯಾಗುತ್ತದೆ ಎಂದು ಲೆಕ್ಕ ಹಾಕಿದರೆ ಅದಕ್ಕೂ ಕಲ್ಲು ಬಿತ್ತು. ಪತ್ರ ತಲುಪಿದ ಕೂಡಲೇ ಮೇಷ್ಟ್ರು ತನ್ನ ಪಾಲು ಕೇಳಿದ, ಕೇಳದೆ ಬಿಡುತ್ತಾನೆಯೇ? ಈಗ ಆ ಮನೆಗೆ ಇಬ್ಬರು ಒಡೆಯರು. ಇಡೀ ಮನೆ ಮಾರಬೇಕಾದರೆ ಇಬ್ಬರ ಸಹಿಯೂ ಬೇಕು. ಅರ್ಧ ಮನೆಯನ್ನು, ಅದೂ ಇನ್ನರ್ಧಕ್ಕೆ ಜಗಳಗಂಟ ಒಡೆಯನಿರುವಾಗ, ಯಾವ ಗಿರಾಕಿ ಕೊಳ್ಳುತ್ತಾನೆ? ಪಾಲು ಮಾಡಿಕೊಡಿ ಎಂದು ಅಲ್ಲಿಯ ಕೋರ್ಟಿಗೆ ಹೋಗಬಹುದು, ಹೋದರೆ ಗೆಲ್ಲುತ್ತಾಳೆ ಕೂಡ. ಆದರೆ ಅದಕ್ಕೆ ವರ್ಷಗಳು ಹಿಡಿಯುತ್ತವೆ ಎಂದು ನೋಟರಿ ಬರೆದಿದ್ದ. ಅಷ್ಟು ಹೊತ್ತಿಗೆ ಚಿಟ್ಟು ದೊಡ್ಡವಳಾಗಿರುತ್ತಾಳೆ, ಅಮ್ಮ ಎಂದರೆ ಫೋನಿನಲ್ಲಿ ಬರುವ ದನಿ ಎಂದುಕೊಂಡು.

ಬೇರೆ ದಾರಿ ಕಾಣದೆ ಹಲ್ಲಕ್ಕ ಗಂಡನನ್ನು ನೋಡಲು ಹೋದಳು. ಡ್ರೈವಿಂಗ್ ಶಾಲೆಯ ಹಿಂದಿನ ಮೈದಾನದಲ್ಲಿ, ಎಂಟು ಹಾಕುವುದನ್ನು ಕಲಿಸಲು ಸುಣ್ಣದ ಗೆರೆ ಎಳೆದ ಜಾಗದಲ್ಲಿ, ಕಾರಿನೊಳಗೆ ಕೂತು ಅವನು ಬೀಡಾ ಜಗಿಯುತ್ತಿದ್ದ. ಕೂತಿದ್ದದ್ದು ಎಂದಿನಂತೆ ಎಡಗಡೆಯ ಸೀಟಿನಲ್ಲಿ, ಕಾಲ ಕೆಳಗೆ ತನ್ನದೇ ಇನ್ನೊಂದು ಬ್ರೇಕು ಇಟ್ಟುಕೊಂಡು. ಅವಳಿಗೆ ಉಳಿದದ್ದು ಸ್ಟಿಯರಿಂಗಿನ ಮುಂದಿನ ಸೀಟು. ಬಾಗಿಲು ತೆರೆದೇ ಇಟ್ಟು ಕೂತಳು.

"ಬಾಗಿಲು ಹಾಕ್ಕೊ. ತಿನ್ನಲ್ಲ" ಎಂದ.

"ಹೀಗೇ ಇರ್ಲಿ. ಮನೆ ಮಾರಕ್ಕೆ ಸಹಿ ಬೇಕು. ಅರ್ಧ ನಿಮ್ದು, ಅರ್ಧ ನಂದು."

ಅವನು ಹೊರಗೆ ಉಗಿದು ಬಾಯಿ ಒರೆಸಿಕೊಂಡ. "ಅಪ್ಪ ನಂಗೆ ಒಂದು ಹಂಚಿನ ಚೂರೂ ಬೇಡ ಅಂದನಂತೆ. ಹೌದಾ?"

ಹಲ್ಲಕ್ಕ ತಲೆಯಾಡಿಸಿದಳು.

"ನಾನು ಮೂರನೇ ಕ್ಲಾಸಲ್ಲಿದ್ದಾಗ ಬಿಟ್ಟು ಹೋದ. ಅಜ್ಜಿ ಸತ್ತಾಗ್ಲೂ ಬರ್ಲಿಲ್ಲ. ಬಂದಾಗೆಲ್ಲ ನಿನ್ನ ಹಲ್ಲನ್ನ ಊರಿಗೆ ತೋರಿಸ್ಕೊಂಡು ಓಡಾಡ್ತಿದ್ದ, ನನ್ನ ಲೈಸೆನ್ಸ್ ಪಾಸಾದಾಗ ಒಂದು ಮಾತು ಕೇಳ್ಲಿಲ್ಲ." ಆ ಕ್ಷಣ ಅದು ನಟನೆಯಲ್ಲ ಎಂದು ಅವಳಿಗೂ ಅನ್ನಿಸಿತು. "ಕಂಡು ಕೇಳದ ದೇಶದ ಕಾನೂನು. ಅದಕ್ಕಾದ್ರೂ ಗೊತ್ತಾಯ್ತಲ್ಲ ನಾನು ಅವನ ಮಗ ಅಂತ."

"ಸಹಿ ಹಾಕ್ತೀರಾ?"

"ಹಾಕ್ತೀನಿ." ದನಿ ತಕ್ಷಣ ಪಾಠ ಹೇಳುವ ಮೇಷ್ಟ್ರದ್ದಾಯಿತು. "ಕೈ ಕೇಸಲ್ಲಿ ನಂಗೆ ಶಿಕ್ಷೆ ಆದ್ರೆ ಕಲಿಸೋ ಲೈಸೆನ್ಸ್ ಹೋಗತ್ತೆ. ಹೊಟ್ಟೆ ಮೇಲೆ ಹೊಡ್ದಂಗೆ. ಸಾಕ್ಷಿ ಅಂತ ಇರೋದು ನೀನೊಬ್ಳು. ಮಗೂನ ಕೋರ್ಟಿಗೆ ಎಳೀಬೇಡಿ ಅಂತ ನೀನೇ ಪೊಲೀಸ್ರಿಗೆ ಹೇಳಿದೀಯ, ಒಳ್ಳೇದಾಯ್ತು. ಕಟಕಟೆ ಹತ್ತಿ ನಿಜ ಹೇಳು ಸಾಕು."

"ಯಾವ ನಿಜ?"

"ಜಾರಿ ಬಿದ್ದೆ ಅಂತ. ಅಡುಗೆಮನೆ ನೆಲ ಒದ್ದೆ ಇತ್ತು. ಸಿಟ್ಟಲ್ಲಿ ನನ್ನ ಹೆಸರು ಹೇಳ್ದೆ ಅಂತ." ಅವನು ಅವಳತ್ತ ತಿರುಗಲಿಲ್ಲ, ಮೈದಾನದ ಸುಣ್ಣದ ಗೆರೆ ನೋಡುತ್ತ ಹೇಳಿದ. "ಮಾರೋ ಅಧಿಕಾರಪತ್ರಕ್ಕೆ ಬೆಳಿಗ್ಗೆನೇ ಸಹಿ ಹಾಕಿ ನನ್ನ ವಕೀಲರ ಹತ್ರ ಇಟ್ಟಿರ್ತೀನಿ. ನೀನು ಕಟಕಟೆ ಇಳಿದ ಮೇಲೆ ಅವರು ನಿನ್ನ ಕೈಗೆ ಕೊಡ್ತಾರೆ. ಡೈವೋರ್ಸಿಗೂ ಒಪ್ಕೊತೀನಿ. ಮಗೂನೂ ನೀನೇ ಇಟ್ಕೊ."

"ಇಟ್ಕೊ" ಎಂದದ್ದು, ಹಳೆಯ ಕೊಡೆಯೊಂದನ್ನು ಬಿಟ್ಟುಕೊಟ್ಟ ಹಾಗೆ. ಹಲ್ಲಕ್ಕ ಇಳಿದು ನಡೆದಳು. ಹಿಂದೆ ಯಾರೋ ಹೊಸಬಳು ಬಂದು ಕಾರು ಹತ್ತಿದಳು. "ಹೆದ್ರಬೇಡಿಮ್ಮ, ನಾನಿದೀನಲ್ಲ" ಎಂದು ಅವನು ಹೇಳುವುದು ಕೇಳಿಸಿತು.

ವಕೀಲಮ್ಮನಿಗೆ ಹೇಳಿದಾಗ ಅವರು ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು.

"ನಾನಿದನ್ನ ಕೇಳಿಸ್ಕೊಂಡಿಲ್ಲ. ಕೇಳಿಸ್ಕೊಂಡ್ರೆ ನನ್ನ ಕೋಟು ಬಿಚ್ಚಿಡ್ಬೇಕಾಗತ್ತೆ. ಸುಳ್ಳು ಸಾಕ್ಷಿ ಅಪರಾಧ ಕಣಮ್ಮ. ತಾಳಿ, ಅಲ್ಲಿಯ ಕೋರ್ಟಿಗೆ ಹೋಗೋಣ. ನಾನೇ ಓಡಾಡ್ತೀನಿ."

"ಎಷ್ಟು ವರ್ಷ ಮೇಡಂ?"

ವಕೀಲಮ್ಮ ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು. ಅಂದು ಸಂಜೆ ಅಕ್ಕನ ಫೋನು ಬಂತು. ಸಾಮಾನು ಕಟ್ಟಲು ಶುರು ಮಾಡಿದ್ದಾರೆ. ಚಿಟ್ಟು ತನ್ನ ಪುಸ್ತಕಗಳನ್ನು ಬೇರೆ ಡಬ್ಬಿಗೆ ತುಂಬಿಕೊಂಡು, ಇದು ಅಮ್ಮನ ಮನೆಗೆ ಹೋಗೋದು, ನಿಮ್ಮ ಲಾರಿಗಲ್ಲ ಎಂದು ಬಾಗಿಲ ಬಳಿ ಇಟ್ಟುಕೊಂಡಿದ್ದಾಳಂತೆ. ಹಲ್ಲಕ್ಕ ಅಂದೇ ತೀರ್ಮಾನ ಮಾಡಿಬಿಟ್ಟಳು.

ಕೋರ್ಟಿನೊಳಗೆ ಸೆಕೆಯಾಗಿತ್ತು. ಫ್ಯಾನು ತಿರುಗುತ್ತಿತ್ತು, ಗಾಳಿ ಮಾತ್ರ ಬರುತ್ತಿರಲಿಲ್ಲ. ಕಟಕಟೆಯ ಮರ ಎಷ್ಟೋ ಜನರ ಅಂಗೈ ಬೆವರಿಗೆ ನುಣುಪಾಗಿತ್ತು. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು. ಸರ್ಕಾರಿ ವಕೀಲ ಎಳೆಯ ಹುಡುಗ. ಇಂಥ ಕೇಸು ಗೆಲ್ಲಲೇಬೇಕೆಂದು ರಾತ್ರಿಯೆಲ್ಲ ಓದಿಕೊಂಡು ಬಂದವನಂತೆ ಕಾಣುತ್ತಿದ್ದ.

"ನಿಮ್ಮ ಬಲಗೈ ಮುರಿದದ್ದು ಹೇಗಮ್ಮ? ಹೆದರದೆ ಹೇಳಿ."

ಹಲ್ಲಕ್ಕ ಮಣಿಕಟ್ಟನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. "ಜಾರಿ ಬಿದ್ದೆ."

"ಸರಿಯಾಗಿ ಯೋಚಿಸಿ. ಪೊಲೀಸರ ಮುಂದೆ ಬೇರೆ ಹೇಳಿದ್ದೀರಿ."

"ನೆಲ ಒದ್ದೆ ಇತ್ತು. ಬಿದ್ದೆ. ಸಿಟ್ಟಲ್ಲಿ ಅವರ ಹೆಸರು ಹೇಳ್ದೆ."

ಹುಡುಗ ಮತ್ತೆ ಮತ್ತೆ ಕೇಳಿದ. ಅವನ ಕಣ್ಣಲ್ಲಿ ಮೊದಲು ಅಚ್ಚರಿಯಿತ್ತು, ಆಮೇಲೆ ಬೇಸರ ಬಂತು, ಕೊನೆಗೆ ಏನೂ ಉಳಿಯಲಿಲ್ಲ. ಸಾಕ್ಷಿ ತಿರುಗಿಬಿದ್ದಿದ್ದಾಳೆ ಎಂದು ಬರೆಸಿದ. ಜಡ್ಜು ಕನ್ನಡಕದ ಮೇಲಿನಿಂದ ಅವಳನ್ನು ನೋಡಿ, "ನಿಮ್ಮಂಥೋರಿಂದಲೇ ನಿಜವಾಗಿ ಏಟು ತಿಂದೋರನ್ನೂ ಯಾರೂ ನಂಬಲ್ಲ" ಎಂದರು. ಆ ಮಾತು ಎದೆಗೆ ನಾಟಿತು. ಅವಳು ತಲೆ ತಗ್ಗಿಸಿ ಇಳಿದಳು. ಮೆಟ್ಟಿಲ ಬಳಿ ಮೇಷ್ಟ್ರ ವಕೀಲ ಮಡಿಸಿದ ಕಾಗದವನ್ನು ಅವಳ ಕೈಗಿಟ್ಟ. ಮೋಸ ಮಾಡಿರಲಿಲ್ಲ, ಸಹಿ ಇತ್ತು, ಮುದ್ರೆಯೂ ಇತ್ತು. ಅವಳ ಹೆಸರೂ ಅವನ ಹೆಸರೂ ಒಂದೇ ಸಾಲಿನಲ್ಲಿ, ಮದುವೆಯ ಕರೆಯೋಲೆಯಲ್ಲಿದ್ದ ಹಾಗೆ, ಅಕ್ಕಪಕ್ಕ ಕೂತಿದ್ದವು.

ಸಮುದ್ರದಾಚೆಯ ಮನೆ ಮಾರಾಟವಾಯಿತು. ಸಹಿ ಸಿಕ್ಕಿತು ಎಂದು ತಿಳಿದು ಅಕ್ಕ ಅಲ್ಲಿಯವರೆಗೆ ಹೊರಡುವುದನ್ನು ಮುಂದಕ್ಕೆ ಹಾಕಿದ್ದಳು. ಆ ಮನೆಯನ್ನು ಹಲ್ಲಕ್ಕ ಒಮ್ಮೆಯೂ ಕಣ್ಣಾರೆ ನೋಡಲಿಲ್ಲ. ಮಾವ ಮಂಡಿಯೂರಿ ಕೂರಿಸಿದ ಟೈಲ್ಸಿನ ಮೇಲೆ ಯಾರು ನಡೆಯುತ್ತಿದ್ದಾರೋ ಅವಳಿಗೆ ತಿಳಿಯದು. ಕೇಸು ಬಿದ್ದುಹೋಯಿತು, ಮೇಷ್ಟ್ರು ಹೊಸ ಕಾರು ಕೊಂಡು ಅದಕ್ಕೂ ಎಡಗಡೆ ಬ್ರೇಕು ಹಾಕಿಸಿದ. ವಿಚ್ಛೇದನವೂ ಆಯಿತು. ತಿಂಗಳಿಗೊಮ್ಮೆ ಅಪ್ಪ ಮಗಳೊಡನೆ ಫೋನಿನಲ್ಲಿ ಮಾತಾಡಬಹುದು ಎಂಬ ಒಂದು ಮಾತು ಅದರಲ್ಲಿ ಸೇರಿತ್ತು. ಅಷ್ಟಕ್ಕೇನು ಎಂದು ಹಲ್ಲಕ್ಕ ಒಪ್ಪಿದ್ದಳು.

ಲ್ಯಾಬಿಗೆ ಹತ್ತಿರದಲ್ಲೇ, ಮೂರನೇ ಮಹಡಿಯಲ್ಲಿ, ಎರಡು ಕೋಣೆಯ ಮನೆ. ಒಂದು ಕೋಣೆ ಪೂರ್ತಿ ಚಿಟ್ಟುವಿಗೆ. ಕಿಟಕಿಗೆ ಹಳದಿ ಪರದೆ, ಓದುವ ಮೇಜು, ಗೋಡೆಗೆ ಅವಳೇ ಆರಿಸಿದ ಬಣ್ಣ. ಬಂದ ಮೊದಲ ವಾರವೆಲ್ಲ ಹುಡುಗಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಸುಮ್ಮಸುಮ್ಮನೆ ಓಡುತ್ತಿದ್ದಳು. ಹಲ್ಲಕ್ಕ ಅಡುಗೆ ಮಾಡುತ್ತ ಆ ಕಾಲಿನ ಸದ್ದು ಕೇಳುತ್ತಿದ್ದಳು. ಕಟಕಟೆಯಲ್ಲಿ ನಿಂತದ್ದಕ್ಕೆ ಬೆಲೆ ಸಿಕ್ಕಿತು, ಸಾಕು, ಇನ್ನು ಅದನ್ನು ಮರೆತುಬಿಡಬೇಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಮೊದಲ ಫೋನು ಬಂದ ದಿನ ಚಿಟ್ಟು ಅಪ್ಪನೊಡನೆ ತನ್ನ ಕೋಣೆಯಲ್ಲಿ ಮಾತಾಡಿದಳು. ಆಮೇಲೆ ಊಟಕ್ಕೆ ಬಂದು ಕೂತಳು. ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳೇ ಹೊರತು ತಿನ್ನುತ್ತಿರಲಿಲ್ಲ.

"ಏನಂದ್ರು?" ಎಂದು ಹಲ್ಲಕ್ಕ ಕೇಳಿದಳು.

"ಅಪ್ಪ ನಿನ್ನ ಕೈ ಮುರೀಲೇ ಇಲ್ವಂತೆ. ನೀನೇ ಕೋರ್ಟಲ್ಲಿ ಹೇಳ್ದೆಯಂತೆ, ಜಾರಿ ಬಿದ್ದೆ ಅಂತ. ದೇವರಾಣೆ ಮಾಡಿ ಹೇಳ್ದೆಯಂತೆ."

ಹಲ್ಲಕ್ಕ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಮಗಳ ಎದುರಿಗೆ ಕೂತಳು.

"ನಾನು ಅಲ್ಲೇ ಇದ್ನಲ್ಲಮ್ಮ" ಎಂದಳು ಚಿಟ್ಟು. "ಬಾಗಿಲ ಹತ್ರ. ನಾನು ನೋಡಿದ್ದು ಸುಳ್ಳಾ?"

"ಇಲ್ಲ. ನೀನು ನೋಡಿದ್ದೇ ನಿಜ."

"ಮತ್ತೆ ಯಾಕೆ ಹಾಗಂದೆ?"

ಈ ಪ್ರಶ್ನೆಗೆ ಹಲ್ಲಕ್ಕನ ಬಳಿ ಉತ್ತರವಿತ್ತು. ಮಾವನ ಪಾಸ್‌ಪೋರ್ಟಿನಿಂದ ಶುರು ಮಾಡಿ, ನೆಲದ ಕಾನೂನು, ಮಗನಿಗೆ ಕಾದಿಟ್ಟ ಅರ್ಧ, ಎರಡು ಸಹಿ ಎಲ್ಲವನ್ನೂ ಬಿಡಿಸಿ ಹೇಳಬಹುದಿತ್ತು. ಬಾಯಿ ತೆರೆದರೆ ಬಂದದ್ದು ಒಂದೇ ಮಾತು. "ಈ ಮನೆಗೋಸ್ಕರ ಪುಟ್ಟಾ. ನಿನ್ನ ಕೋಣೆಗೋಸ್ಕರ."

ಚಿಟ್ಟು ಹೊರಳಿ ತನ್ನ ಕೋಣೆಯ ಕಡೆ ನೋಡಿದಳು. ಹಳದಿ ಪರದೆ ಇಲ್ಲಿಗೇ ಕಾಣುತ್ತಿತ್ತು. ಎದ್ದು, ತಟ್ಟೆಯನ್ನು ತೊಳೆಯುವ ಜಾಗದಲ್ಲಿ ಇಟ್ಟು ಬಂದಳು.

"ಅಮ್ಮ, ದೊಡ್ಡಮ್ಮನ ಹೊಸ ಊರಿಗೆ ಇಲ್ಲಿಂದ ಬಸ್ ಇದ್ಯಾ?" ಎಂದು ಕೇಳಿದಳು.